ನೂರು ವ್ಯಾಟ್ ಎಂದು ಬರೆದಿದ್ದ ಕೇಬಲ್

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ಸಾಮಾನಿನ ಅಂಗಡಿ. ಗಿರಾಕಿಗಳಿಗೆ ಕೇಬಲ್ ಆರಿಸಿಕೊಡುವುದರಲ್ಲಿ ನನ್ನಷ್ಟು ತಿಳಿದವರು ತಾಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ಜ್ಞಾನ ಇಷ್ಟೇ: ಪ್ಯಾಕೆಟ್ ಮೇಲಿದ್ದದ್ದನ್ನು ದೊಡ್ಡ ದನಿಯಲ್ಲಿ ಓದುವುದು.

ಮಾಣಿಕನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಹೆಣ್ಣುಮಗಳೊಬ್ಬಳು ಮದುವೆ ವಿಡಿಯೋಗಳನ್ನೂ ಮಾಡುತ್ತಿದ್ದಳು. ಅವಳು ನನ್ನಿಂದ ನೂರು ವ್ಯಾಟಿನ ಕೇಬಲ್ ಒಯ್ದು, ವಾರದೊಳಗೆ ಲ್ಯಾಪ್‌ಟಾಪು, ಚಾರ್ಜರು ಎಲ್ಲ ಹೊತ್ತು ತಿರುಗಿ ಬಂದಳು.

"ಅಣ್ಣಾರ, ಎಡಿಟಿಂಗ್ ಮಾಡಾಕತ್ತಾಗ ಚಾರ್ಜ್ ಏರೋದು ಬಿಟ್ಟು ಇಳೀಲಾಕತ್ತದ. ನಿಧಾನ ಚಾರ್ಜರ್ ಅಂತ ತೋರಸ್ತದ."

"ಚಾರ್ಜರ್ ನೋಡ್ರಿ ಅಕ್ಕಾರ. ಕೇಬಲ್ ಮ್ಯಾಲ ನೂರು ವ್ಯಾಟ್ ಅಂತ ಛಾಪ ಹೊಡದಾರಲ್ಲ."

"ಚಾರ್ಜರ್ ಕಂಪನಿದು, ನೂರರದ್ದೇ ಅದ," ಎನ್ನುತ್ತ ಅವಳು ಚೀಲದಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರ್ ತೆಗೆದಳು. ಅದನ್ನು ಚಾರ್ಜರಿಗೂ ಕೇಬಲಿಗೂ ನಡುವೆ ಸಿಕ್ಕಿಸಿದಳು. ಪರದೆಯ ಮೇಲೆ ಇಪ್ಪತ್ತು ವೋಲ್ಟ್, ಮೂರು ಆಂಪಿಯರಿಗೆ ಚೂರು ಕಡಿಮೆ. ಗುಣಿಸಿದರೆ ಅರವತ್ತರ ಒಳಗೇ. ಆಮೇಲೆ ಇನ್ನೊಂದು ಗುಂಡಿ ಒತ್ತಿದಳು. ಇ-ಮಾರ್ಕರ್ ಇಲ್ಲ ಎಂದು ಬಂತು.

"ಅಂದ್ರ ಏನ್ರಿ?" ಎಂದೆ. ತಾಲೂಕಿನ ಪಂಡಿತ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಐದು ಆಂಪಿಯರ್ ತಡೆಯುವ ಕೇಬಲಿನ ಪಿನ್ನಿನೊಳಗೆ ಒಂದು ಸಣ್ಣ ಚಿಪ್ ಇರುತ್ತದೆ, ಅದಕ್ಕೇ ಇ-ಮಾರ್ಕರ್ ಎನ್ನುತ್ತಾರೆ, ಎಂದು ಅವಳು ಹೇಳಿದಳು. ಚಾರ್ಜರ್ ಮೊದಲು ಅದನ್ನು ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಮೂರು ಆಂಪಿಯರಿನ ಮೇಲೆ ಕರೆಂಟ್ ಬಿಡುವುದೇ ಇಲ್ಲ. "ಚಾರ್ಜರಿಗೆ ಛಾಪ ಓದಾಕ ಬರಂಗಿಲ್ರಿ ಅಣ್ಣಾರ. ಅದು ಚಿಪ್ಪಿಗಷ್ಟೇ ಕೇಳ್ತದ."

ನನಗೆ ಸಿಟ್ಟು ಬಂದದ್ದು ಆ ಕೇಬಲಿನ ಮೇಲೋ, ಅವಳ ಮೇಲೋ ಇವತ್ತಿಗೂ ಗೊತ್ತಿಲ್ಲ. ಗೋಡೆಗೆ ನೇತುಹಾಕಿದ್ದ ಟೈಪ್-ಸಿ ಕೇಬಲನ್ನೆಲ್ಲ ಇಳಿಸಿ ಕೌಂಟರ್ ಮೇಲೆ ಸುರಿದೆ. ಇಬ್ಬರೂ ಒಂದೊಂದೇ ಹಚ್ಚಿ ನೋಡಿದೆವು. ಹಾವಿನಷ್ಟು ದಪ್ಪ, ಹೆಣೆದ ಹೊದಿಕೆಯ, ಹೊಳೆಯುವ ಪಿನ್ನಿನ ಭಾರೀ ಕೇಬಲುಗಳೆಲ್ಲ ಮೂಕ. ಎರಡೇ ಎರಡು ಉತ್ತರ ಕೊಟ್ಟವು. ಅದರಲ್ಲಿ ಒಂದು ಐದು ಆಂಪಿಯರ್, ಇನ್ನೂರ ನಲವತ್ತು ವ್ಯಾಟಿನದು ಎಂದು ಹೇಳಿಕೊಂಡಿತು.

"ಚಿಪ್ಪೂ ಸುಳ್ಳು ಹೇಳಬಹುದು," ಎಂದು ಅವಳು ಅದನ್ನು ಲ್ಯಾಪ್‌ಟಾಪಿಗೆ ಹಚ್ಚಿ ಅರ್ಧ ತಾಸು ಕುಳಿತಳು. ಮೀಟರಿನಲ್ಲಿ ನಾಲ್ಕೂವರೆ ಆಂಪಿಯರಿನ ಮೇಲೇ ನಿಂತಿತು. ಪಿನ್ನು ಮುಟ್ಟಿ ನೋಡಿದಳು, ಬಿಸಿಯಾಗಿರಲಿಲ್ಲ. ಹಳೆಯದನ್ನು ಬಿಟ್ಟು ಅದನ್ನು ಒಯ್ದಳು. ನಾನು ಎದೆಯುಬ್ಬಿಸಿ, "ಇನ್ನ ನಿಮಗ ಯಾವ ತಕರಾರೂ ಬರಂಗಿಲ್ರಿ," ಎಂದೆ.

ಎರಡು ದಿನಕ್ಕೆ ಫೋನು. "ಚಾರ್ಜ್ ಜಬರದಸ್ತ್ ಆಗ್ತದ್ರಿ. ಆದ್ರ ಇದೇ ಕೇಬಲ್ ಹಚ್ಚಿ ಮದುವಿ ವಿಡಿಯೋ ಎಸ್‌ಎಸ್‌ಡಿ ಡಿಸ್ಕಿಗೆ ಹಾಕಾಕತ್ತೇನಿ, ಅದು ಎತ್ತಿನ ಬಂಡಿ ಹೋದಂಗ ಹೊಂಟದ."

ಮರ್ಯಾದೆಯ ಪ್ರಶ್ನೆ. ಅಂಗಡಿ ಮುಚ್ಚಿ ಹುಮನಾಬಾದಿನ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಮಾಣಿಕನಗರಕ್ಕೆ ಹೋದೆ. ಅವಳು ಚಿಪ್ಪಿನ ಮಾಹಿತಿ ಮತ್ತೆ ತೆರೆದಳು. ಮೊದಲ ದಿನ ವ್ಯಾಟಿನ ಸಂಭ್ರಮದಲ್ಲಿ ನಾವಿಬ್ಬರೂ ಓದದೆ ಬಿಟ್ಟಿದ್ದ ಸಾಲು ಕೆಳಗಿತ್ತು: ಯುಎಸ್‌ಬಿ 2.0. ಸೆಕೆಂಡಿಗೆ ನಾನೂರ ಎಂಬತ್ತು ಮೆಗಾಬಿಟ್, ಅದಕ್ಕಿಂತ ಮುಂದೆ ಹೋಗದು. ವ್ಯಾಟು ಬೇರೆ, ವೇಗ ಬೇರೆ. ಊಟ ಚೆನ್ನಾಗಿ ಮಾಡುವವನು ಓಡುವುದರಲ್ಲೂ ಮುಂದಿರಬೇಕೆಂದಿಲ್ಲವಲ್ಲ.

ಎಸ್‌ಎಸ್‌ಡಿಯ ಡಬ್ಬಿಯಲ್ಲೇ ಬಂದಿದ್ದ ಗೇಣುದ್ದದ ಕೇಬಲನ್ನು ಅವಳು ಡ್ರಾಯರಿನ ಮೂಲೆಯಿಂದ ತೆಗೆದಳು. ಗಿಡ್ಡ ಎಂದು ಬೇಸರಪಟ್ಟು ಒಗೆದಿದ್ದಳಂತೆ. ಅದರ ಚಿಪ್ಪು ಹೇಳಿದ್ದು: ಹತ್ತು ಗಿಗಾಬಿಟ್ ವೇಗ, ಆದರೆ ಮೂರೇ ಆಂಪಿಯರ್. ಹಚ್ಚಿದ ಕೂಡಲೇ ವಿಡಿಯೋ ಸರಸರ ಇಳಿಯತೊಡಗಿತು. ಎರಡೂ ಗುಣ ಕೂಡಿದ ಕೇಬಲ್ ಸಿಗುತ್ತವೆ, ನನ್ನ ಗೋಡೆಯ ಮೇಲೆ ಮಾತ್ರ ಇರಲಿಲ್ಲ. ಅವಳು ಎರಡಕ್ಕೂ ಬಿಳಿ ಪಟ್ಟಿ ಸುತ್ತಿ, ಒಂದರ ಮೇಲೆ ಚಾರ್ಜ್, ಇನ್ನೊಂದರ ಮೇಲೆ ಕಾಪಿ ಎಂದು ಬರೆದಳು. ಚಹಾ ಕುಡಿಸಿ ಕಳಿಸಿದಳು.

ನಾನೂ ಒಂದು ಮೀಟರ್ ಕೊಂಡೆ. ಪ್ರತಿ ಕೇಬಲನ್ನೂ ಓದಿ, ಚಿಪ್ಪಿಲ್ಲದ್ದರ ಮೇಲೆ ಪ್ರಾಮಾಣಿಕವಾಗಿ ಅರವತ್ತು ಎಂದು ಚೀಟಿ ಹಚ್ಚಿದೆ. ಸತ್ಯಕ್ಕೆ ಗಿರಾಕಿ ಹೆಚ್ಚಾಗುತ್ತಾರೆ ಎಂದುಕೊಂಡಿದ್ದೆ.

ಮೋರಖಂಡಿಯಿಂದ ಬಂದ ಹಿರಿಯರೊಬ್ಬರು ಚೀಟಿ ನೋಡಿ ಮುಖ ಸಿಂಡರಿಸಿದರು. "ಅರವತ್ತೇನಾ? ಎದುರಿನ ದುಕಾನದಾಗ ಇದೇ ವಾಯರಿಗೆ ಇನ್ನೂರ ನಲವತ್ತು ಬರದಾರ."

"ಬರದಾರ್ರಿ ಕಾಕಾ, ಒಳಗ ಚಿಪ್ಪಿಲ್ಲ. ನಿಮ್ಮ ಫೋನಿಗೆ ಅರವತ್ತ ಬೇಕಾದಷ್ಟಾತು," ಎಂದು ಮೀಟರ್ ಹಚ್ಚಿ ತೋರಿಸಿದೆ.

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ನನ್ನ ಭುಜ ತಟ್ಟಿ, "ನೀ ಭಾಳ ಈಮಾನದಾರ ಇದ್ದಿ ನೋಡು," ಎಂದು ಹೊಗಳಿ, ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು.