ಎರಡು ಪಟ್ಟಿ, ಎರಡರಲ್ಲೂ ೭೫೦

೧೯೯೯ರ ಜುಲೈನಲ್ಲಿ ನಾನು ಡಿ.ಫಾರ್ಮ್ ಪರೀಕ್ಷೆ ಮುಗಿಸಿ ಸಿಂಧನೂರಿನ ಔಷಧಿ ಅಂಗಡಿಯೊಂದರಲ್ಲಿ ತರಬೇತಿಗಿದ್ದೆ. ಒಂದು ಸೋಮವಾರ ಮುಕ್ಕುಂದದಿಂದ ನಮ್ಮಜ್ಜ ಮೊಣಕಾಲಿನ ಗುಳಿಗೆಗೆ ಬಂದ. ಕಾಲುವೆಗೆ ನೀರು ಬಿಡುವ ಹೊತ್ತಾಗಿತ್ತು. ಗದ್ದೆಯ ಬದುವಿನ ಮೇಲೆ ತಾನೇ ಓಡಾಡಬೇಕೆಂಬುದು ಅವನ ಹಟ. ಆದರೆ ಮೂತ್ರಪಿಂಡ ಸೋತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೆಂದು ಡಾಕ್ಟರು ಎಳನೀರು, ಬಾಳೆಹಣ್ಣು ಬಿಡಿಸಿದ್ದರು.

ಅವನು ದಿನಕ್ಕೆರಡರಂತೆ ನುಂಗುತ್ತಿದ್ದ ೭೫೦ರ ಗುಳಿಗೆ ಅಂಗಡಿಯಲ್ಲಿ ಮುಗಿದಿತ್ತು, ಕೈಯಲ್ಲಿದ್ದುದು ಅದರ ಖಾಲಿ ಪಟ್ಟಿ. ಅಂಗಡಿಯ ಸಾಹುಕಾರರು ಬೇರೆ ಕಂಪನಿಯದನ್ನು ಕೊಟ್ಟರು. ಅದರ ಮೇಲೂ ೭೫೦, ಜೊತೆಗೆ ಹಳೆಯದರಷ್ಟೇ ಕಾಂಡ್ರಾಯ್ಟಿನ್ ಎಂಬ ಇನ್ನೊಂದು ಕೀಲಿನ ಮದ್ದು.

ನಾನು ಎರಡೂ ಪಟ್ಟಿಗಳನ್ನು ತಿರುಗಿಸಿ ಓದಿದೆ. ಸವೆದ ಕೀಲಿಗೆಂದು ಕೊಡುವ ಗ್ಲುಕೋಸಮೈನ್ ಎರಡರಲ್ಲೂ ಇತ್ತು. ಹಳೆಯದು ಗ್ಲುಕೋಸಮೈನ್ ಹೈಡ್ರೋಕ್ಲೋರೈಡ್. ಹೊಸದು ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್. ೭೫೦ ಮಿಲಿಗ್ರಾಂ ಎಂಬುದು ಗ್ಲುಕೋಸಮೈನ್ ಒಂದರ ತೂಕವಲ್ಲ, ಇಡೀ ಲವಣದ ತೂಕ. ಅಣುತೂಕ ಹಿಡಿದು ಲೆಕ್ಕ ಹಾಕಿದರೆ ಹಳೆಯದರಲ್ಲಿ ನಿಜವಾದ ಗ್ಲುಕೋಸಮೈನ್ ಸುಮಾರು ೬೨೦, ಹೊಸದರಲ್ಲಿ ೪೪೦.

ಲೆಕ್ಕ ಕೇಳಿ ಸಾಹುಕಾರರು ಒಪ್ಪಿದರು. ಹಾಗಾದರೆ ಎರಡರ ಬದಲು ಮೂರು ನುಂಗಲಿ, ಸರಿಹೋಗುತ್ತದೆ ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹೊಸದರಲ್ಲಿ ಉಳಿದ ತೂಕ ಯಾವುದರದು? ಗ್ಲುಕೋಸಮೈನ್ ಸಲ್ಫೇಟ್ ಒಂದೇ ಇದ್ದರೆ ಗಾಳಿಯ ತೇವ ಹೀರಿ ಕೆಡುತ್ತದೆ. ಅದು ಕೆಡದೆ ಉಳಿಯಲೆಂದು ಪೊಟ್ಯಾಸಿಯಂ ಕ್ಲೋರೈಡ್ ಕೂಡಿಸುತ್ತಾರೆ, ತೂಕದ ಕಾಲುಭಾಗ ಅದೇ. ಮೂರು ಗುಳಿಗೆಗೆ ಸುಮಾರು ೨೯೦ ಮಿಲಿಗ್ರಾಂ ಪೊಟ್ಯಾಸಿಯಂ ಆಗುತ್ತಿತ್ತು.

"ಅಜ್ಜ, ಇವು ಮೂರು ನುಂಗಿದ್ರ ದಿನಾ ಒಂದು ಸಣ್ಣ ಬಾಳಿಹಣ್ಣು ತಿಂದಂಗ," ಎಂದೆ.

"ಹಂಗಾದ್ರ ಹಣ್ಣಽ ಕೊಡೋ, ರುಚಿನಾರ ಇರ್ತದ."

ಸಾಹುಕಾರರು ನಕ್ಕರು, ಆದರೆ ಹೊಸ ಪಟ್ಟಿಯನ್ನು ಗಲ್ಲಾದ ಮೇಲೇ ಇಟ್ಟುಕೊಂಡರು. ಬೇರೆಯವರಿಗಾದರೆ ಇಷ್ಟು ಪೊಟ್ಯಾಸಿಯಂ ಲೆಕ್ಕಕ್ಕೆ ಬರುವುದಿಲ್ಲ, ಇವರ ಸಂಗತಿ ಡಾಕ್ಟರೇ ಹೇಳಲಿ ಎಂದು ನನ್ನನ್ನು ಎದುರಿನ ದವಾಖಾನೆಗೆ ಕಳಿಸಿದರು. ಡಾಕ್ಟರು ಎರಡರ ಹಿಂಬದಿಯನ್ನೂ ಓದಿ, ಅಜ್ಜನಿಗೆ ಹೊಸದು ಬೇಡವೇ ಬೇಡ ಎಂದರು. ಕಾಂಡ್ರಾಯ್ಟಿನ್ ಕೂಡ ಸೋಡಿಯಂ ಲವಣವೇ, ಆದರೆ ಅದರ ಸೋಡಿಯಂ ಅಲ್ಪ, ಎರಡರಲ್ಲೂ ಒಂದೇ. ಹಳೆಯದು ಬರುವತನಕ ನಾಲ್ಕು ದಿನ ಗುಳಿಗೆ ತಪ್ಪಿದರೂ ಮೊಣಕಾಲಿಗೆ ಅಂಥ ಹಾನಿಯಿಲ್ಲ ಎಂದೂ ಹೇಳಿದರು.

ನಾಲ್ಕು ದಿನ ಕಾಯುವುದು ಅಜ್ಜನಿಗೆ ಒಗ್ಗಲಿಲ್ಲ. ಸಾಹುಕಾರರು ಲಿಂಗಸುಗೂರಿನ ಅಂಗಡಿಗೆ ಫೋನ್ ಹಚ್ಚಿದರು. ಆ ಕಡೆಯವರು ೭೫೦ರದು ಇದೆಯೆಂದರಂತೆ.

"ಏಳುನೂರಾ ಐವತ್ತು ಇರ್ಲಿ ಬಿಡ್ರಿ, ಹಿಂದ ಏನ್ ಬರದಾರ ಅದನ್ನ ಓದ್ರಿ," ಎಂದರು ಸಾಹುಕಾರರು.

ಆ ಕಡೆಯವರು ಓದಿದರು. ಅಜ್ಜ ಸ್ಟೂಲಿನಿಂದ ಎದ್ದು ಫೋನಿನ ಹತ್ತಿರ ಕಿವಿ ತಂದ.

"ಇನ್ನೊಮ್ಮಿ ಓದಸ್ರಿ, ಪೊಟ್ಯಾಸಿಯಂ ಅನ್ನಬಾರ್ದು ಅವ."

ಅನ್ನಲಿಲ್ಲ. ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೈಡ್ರೋಕ್ಲೋರೈಡ್ ಪಟ್ಟಿಗಳು ಬಂದವು. ಅಜ್ಜ ಅವನ್ನು ಅಂಗಿಯೊಳಗೆ ಇಟ್ಟುಕೊಂಡು ಮುಕ್ಕುಂದದ ಗಾಡಿ ಹಿಡಿದ.