ನೂರಾ ಇಪ್ಪತ್ತೈದು ಪರ್ಸೆಂಟಿನ ಮಸುಕು

ಕುಮಟಾದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುವ ನನಗೆ, ನಲವತ್ತೆಂಟು ತುಂಬುವಾಗ ಸಣ್ಣ ಅಕ್ಷರ ಕಾಣುವುದು ಕಷ್ಟವಾಯಿತು. ಕನ್ನಡಕ ಹಾಕಿದರೆ ಮುಗಿಯಿತಲ್ಲ ಎನ್ನಬೇಡಿ. ಪ್ರೂಫ್ ನೋಡುತ್ತಿದ್ದ ಹಿರಿಯರೊಬ್ಬರು ಕನ್ನಡಕ ಬದಲಿಸಿದ್ದೇ ತಡ, "ಕಣ್ಣು ಮಂಜಾದವರಿಗೆ ಅಕ್ಷರದ ಕೆಲಸ ಎಂತಕ್ಕೆ?" ಎಂದು ನಮ್ಮ ಮಾಲಕರು ಅವರನ್ನು ಮನೆಗೆ ಕಳಿಸಿದ್ದರು. ನನಗೆ ನನ್ನ ಕುರ್ಚಿ ಬೇಕಿತ್ತು.

ಹೊಸ ಲ್ಯಾಪ್‌ಟಾಪ್ ಬಂದಾಗ, ಯಾರೂ ಇಲ್ಲದ ಹೊತ್ತು ನೋಡಿ ಡಿಸ್‌ಪ್ಲೇ ಸ್ಕೇಲನ್ನು, ಅಂದರೆ ಪರದೆಯ ಅಕ್ಷರದ ಅಳತೆಯನ್ನು, ನೂರು ಪರ್ಸೆಂಟಿನಿಂದ ನೂರಾ ಇಪ್ಪತ್ತೈದಕ್ಕೆ ಏರಿಸಿದೆ. ಇಂಟರ್ನೆಟ್ಟಿನ ಅಕ್ಷರ ದೊಡ್ಡದಾಗಿ, ನಿಚ್ಚಳವಾಗಿ ಬಂತು. ಮದುವೆ ಕಾಗದ ಮಾಡುವ ನಮ್ಮ ಹಳೇ ಸಾಫ್ಟ್‌ವೇರಿನಲ್ಲಿ ಮಾತ್ರ ಅಕ್ಷರ, ಐಕಾನು ಎಲ್ಲ ನೀರು ಬಿದ್ದ ಶಾಯಿಯಂತೆ ಹರಡಿದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮಲ್ಲಿ ಮದುವೆ ಕಾಗದ ನೋಡಲು ಇಡೀ ಮನೆಯೇ ಬರುತ್ತದೆ. ಕರ್ಕಿಯಿಂದ ಬಂದ ಅಜ್ಜಿಯೊಬ್ಬರು ಪರದೆಗೆ ಮೂಗು ತಾಗಿಸಿ, "ಎಂತ ಇದು, ಗಣಪತಿ ಮುಖವೇ ಕಾಣ್ತಿಲ್ಲ" ಎಂದರು. ನಾನು ಪ್ರಿಂಟ್ ತೆಗೆದು ತೋರಿಸಿದೆ. ಕಾಗದದ ಮೇಲೆ ಗಣಪತಿಯ ಹಲ್ಲೂ ಸ್ಪಷ್ಟ.

"ಉಪ್ಪು ಗಾಳಿಯದ್ದೇ ಕೆಲಸ" ಎಂದು ಮಾಲಕರು ತೀರ್ಪು ಕೊಟ್ಟರು. ಅವರ ಪ್ರಕಾರ ಈ ಕರಾವಳಿಯಲ್ಲಿ ಬೀಗದಿಂದ ಹಿಡಿದು ಅಳಿಯನವರೆಗೆ ಕೆಡುವುದೆಲ್ಲ ಉಪ್ಪು ಗಾಳಿಯಿಂದಲೇ. ಒಂದು ವಾರ ಲ್ಯಾಪ್‌ಟಾಪು ಡಾಂಬರು ಗುಳಿಗೆಗಳ ಜೊತೆ ಟವೆಲಿನೊಳಗೆ ಮಲಗಿತು. ಮಸುಕು ಹೋಗಲಿಲ್ಲ, ವಾಸನೆ ಬಂತು.

ಕೊನೆಗೆ ಹೊನ್ನಾವರದಿಂದ ರಿಪೇರಿಯವನು ಬಂದ. ಬಂದವನೇ ಸೆಟ್ಟಿಂಗ್ಸ್ ತೆರೆದು, "ನೂರಾ ಇಪ್ಪತ್ತೈದು ಯಾರು ಇಟ್ಟದ್ದು?" ಎಂದ. ನಾನು ಫ್ಯಾನು ನೋಡಿದೆ. "ಹಳೇ ಸಾಫ್ಟ್‌ವೇರಿಗೆ ಈ ಲೆಕ್ಕ ತಿಳಿಯೂದಿಲ್ಲ. ಅದು ಸಣ್ಣದಾಗೇ ಬರೀತದೆ, ವಿಂಡೋಸು ಅದನ್ನ ಫೋಟೋ ಹಿಗ್ಗಿಸಿದ ಹಾಗೆ ಹಿಗ್ಗಿಸ್ತದೆ. ಅದಕ್ಕೇ ಮಸುಕು." ಆ ಸಾಫ್ಟ್‌ವೇರಿನ ಪ್ರಾಪರ್ಟೀಸಿನಲ್ಲಿ, ಅದನ್ನು ವಿಂಡೋಸು ಹಿಗ್ಗಿಸದಂತೆ ಬದಲಿಸಿ ಮತ್ತೆ ತೆರೆದ. ಎಲ್ಲ ನಿಚ್ಚಳ. ಮೆನು, ಐಕಾನು ಮಾತ್ರ ಸಾಸಿವೆಯಷ್ಟು ಸಣ್ಣ.

"ಆತು. ಇನ್ನು ಅದನ್ನ ಮುಟ್ಟಬೇಡಿ" ಎಂದು ಅವನು ಹೊರಟ. ಮುಟ್ಟದಿದ್ದರೆ ನನಗೆ ಕಾಣುವುದು ಹೇಗೆ? ಅವನು ಹೋದ ಮೇಲೆ ಮಾಲಕರಿಗೆ ಹೇಳಿಬಿಟ್ಟೆ. "ನಾನೇ ಇಟ್ಟದ್ದು. ನನಗೆ ಸಣ್ಣದು ಕಾಣೂದಿಲ್ಲ."

ಮಾಲಕರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಜೇಬಿನಿಂದ ಫೋನು ತೆಗೆದು ನನ್ನ ಮುಂದಿಟ್ಟರು.

"ಅಕ್ಕಾ, ಇದರಲ್ಲೂ ಅಕ್ಷರ ಒಂಚೂರು ದೊಡ್ಡ ಮಾಡಿಕೊಡಿ. ಎರಡು ವರ್ಷದಿಂದ ನಿಮ್ಮ ಪ್ರೂಫಿಗೆಲ್ಲ ನಾನು ಓದದೇ ಸಹಿ ಹಾಕ್ತಿದ್ದೆ."