ಹೊಸ ಕಿವಿ

ರೇಡಿಯೊ ಕೇಂದ್ರದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಮಾತಿನ ಕೆಳಗೆ ಸಂಗೀತ ಬೆರೆಸುವುದೇ ಅವನ ಕೆಲಸ. ಈಗ ಅದಕ್ಕೆ ಸಾಫ್ಟ್‌ವೇರ್ ಬಂದಿದೆ. ಮಾತಿನ ದನಿ ಮೊದಲೇ ಗೊತ್ತುಮಾಡಿದ ಮಟ್ಟ ದಾಟಿದೊಡನೆ ಸಂಗೀತ ತಾನಾಗಿಯೇ ತಗ್ಗುತ್ತದೆ, ಮಾತು ನಿಂತ ಮೇಲೆ ಮೆಲ್ಲಗೆ ಏರುತ್ತದೆ.

ಅಂದು ಕುಡಿಯುವ ನೀರಿನ ಎಚ್ಚರಿಕೆ ಪ್ರಸಾರವಾಗಲು ಎಂಟೇ ನಿಮಿಷ ಉಳಿದಿತ್ತು. ಅದನ್ನು ಬರೆದ ನಿರ್ದೇಶಕರು ಅವನ ಬೆನ್ನ ಹಿಂದೆಯೇ ನಿಂತಿದ್ದರು.

“ಎಲ್ಲಾ ಚೆನ್ನಾಗಿ ಕೇಳಿಸ್ತಿದೆಯಲ್ರೀ, ಕಳಿಸಿಬಿಡಿ.”

“ನಿಮಗೆ ಕೇಳಿಸದೆ ಇನ್ನೇನು ಸಾರ್? ಬರೆದೋರೇ ನೀವು. ನನಗೂ ಬಾಯಿಪಾಠ ಆಗಿದೆ. ನಮ್ಮಿಬ್ಬರ ಕಿವೀನೂ ಈಗ ನಂಬೋ ಹಾಗಿಲ್ಲ,” ಎಂದು ರೇಗಿದವನೇ, ಹೊರಗೆ ಗುಡಿಸುತ್ತಿದ್ದ ಅಕ್ಕನನ್ನು ಕರೆದು ಕೂರಿಸಿ, ಮುದ್ರಿಸಿದ ಎಚ್ಚರಿಕೆಯನ್ನು ಕೇಳಿಸಿದ.

ಆಕೆ ಕೇಳಿ ಮುಖ ಸಿಂಡರಿಸಿದಳು. “ನೀರು ಕುಡೀಬೇಡಿ ಅಂದ್ರು. ಯಾವ ನೀರು ಅನ್ನೋ ಹೊತ್ತಿಗೆ ಬರೀ ಪಿಟೀಲು.”

ಅದನ್ನು ಓದಿದ್ದ ನಿರೂಪಕಿ ಕೊನೆಯ ವಾಕ್ಯದಲ್ಲಿ ದನಿ ಇಳಿಸಿದ್ದಳು. ಆ ದನಿ ಮಟ್ಟ ಮುಟ್ಟದಿದ್ದುದರಿಂದ, ಮಾತು ಮುಗಿಯಿತೆಂಬಂತೆ ಸಂಗೀತ ಮೇಲೆದ್ದಿತ್ತು.

ಕಿವಿಯಣ್ಣ ಆ ಮೆಲುದನಿಗೂ ಎಟಕುವಷ್ಟು ಮಟ್ಟ ಇಳಿಸಿದ. ಸಂಗೀತ ಮತ್ತೆ ಏರುವುದನ್ನು ಇನ್ನಷ್ಟು ನಿಧಾನಗೊಳಿಸಿದ. ನಿರ್ದೇಶಕರು ಗಡಿಯಾರ ನೋಡುತ್ತ ಹಲ್ಲು ಕಡಿದರು. ಮೂರು ನಿಮಿಷ ಇತ್ತು. ಅವನು ಆ ಕೊನೆಯ ವಾಕ್ಯವನ್ನು ಮತ್ತೆ ಕೇಳಿಸಿದ.

“ಕೆಟ್ಟಿರುವುದು ಗುಡ್ಡದ ಮೇಲಿನ ಟ್ಯಾಂಕಿನ ನೀರು.”

“ಈಗ ಕೇಳಿಸ್ತಾ ಅಕ್ಕಾ?”

ಅಕ್ಕನ ಕೈಯಿಂದ ಪೊರಕೆ ಜಾರಿತು. “ಮೊದಲು ಫೋನ್ ಕೊಡಣ್ಣಾ,” ಎಂದಳು. “ಮಕ್ಕಳು ಮನೇಲಿದ್ದಾರೆ. ಬೆಳಿಗ್ಗೆ ಅದೇ ನೀರು ತುಂಬಿಸಿಟ್ಟು ಬಂದಿದ್ದೀನಿ.”